ರವಿವಾರದ ನೆಟ್

ಶಿಗ್ಗಾಂವಿಯ ಹೆದ್ದಾರಿ ಬದಿಗೆ ಪಂಪ್‌ಸೆಟ್ ಮೋಟರು ಸುಟ್ಟರೆ ಹೊಸ ತಂತಿ ಸುತ್ತುವ ದುರ್ಗೇಶ ಸಿಟ್ಟಿಗೆದ್ದನೆಂದರೆ ಪುಣೆಗೆ ಹೊರಟ ಲಾರಿಗಳು ಬೆಂಗಳೂರಿನ ಕಡೆ ತಿರುಗಿಬಿಡುತ್ತವೆ. ಸುಳ್ಳೆನಿಸಿದರೆ ಇಂಟರ್‌ನೆಟ್ ಕಂಪನಿಯ ಕಸ್ಟಮರ್ ಕೇರ್ ಹುಡುಗಿಯನ್ನು ಕೇಳಿ. ಆಕೆಯ ಕಿವಿ ಇನ್ನೂ ಗುಂಯ್ ಅನ್ನುತ್ತಿರಬೇಕು.

ನೆಟ್ ಸ್ಲೋ ಐತಿ. ಅವನ ದೂರು ಇಷ್ಟೇ. ಪ್ಲಾನ್ ಎಷ್ಟು ಸ್ಪೀಡಿನದು, ರೌಟರ್ ಯಾವ ಮಾಡೆಲ್, ಎಷ್ಟು ಮೊಬೈಲು ಟಿವಿ ಜೋಡಿಸಿದ್ದೀರಿ, ದಿನದ ಯಾವ ಹೊತ್ತಿಗೆ ನಿಧಾನವಾಗುತ್ತದೆ ಎಂದು ಆಕೆ ಮೆಲ್ಲಗೆ ಕೇಳಿದಳು. ಇಷ್ಟೆಲ್ಲ ತಿಳಿದಿದ್ದರೆ ನಾನೇ ಒಂದು ಕಂಪನಿ ತೆಗೆದು ನಿನಗೇ ಪಗಾರ ಕೊಡುತ್ತಿದ್ದೆ ಎಂದು ಇವನು ಗುಡುಗಿದ. ವಿವರ ಸಾಲದೆಂದು ಕಂಪನಿ ದೂರು ಮುಚ್ಚಿತು. ಇವನು ಮತ್ತೆ ತೆರೆಸಿದ. ಅದು ಮತ್ತೆ ಮುಚ್ಚಿತು. ತಾಲೂಕಿನ ಎಲ್ಲ ಬಾಗಿಲುಗಳನ್ನು ಸೇರಿಸಿದರೂ ಅಷ್ಟು ಸಲ ತೆರೆದು ಮುಚ್ಚಿರಲಿಕ್ಕಿಲ್ಲ.

ನಾಲ್ಕು ಪ್ರಶ್ನೆಗಳಲ್ಲಿ ಒಂದರ ಉತ್ತರ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ರವಿವಾರ ಸಂಜೆ. ಅದನ್ನು ಹೇಳಿದರೆ ಆ ಹೊತ್ತಿಗೆ ಏನು ನೋಡುತ್ತೀರಿ ಎಂದು ಕೇಳುತ್ತಾರೆ. ಜಗಳವಾಡಿ ಹಿರೇಕೆರೂರಿನ ತವರಿಗೆ ಹೋದ ಹೆಂಡತಿ ರಾಜಶ್ರೀಯ ಮೊಬೈಲಿಗೆ ವಿಡಿಯೋ ಕಾಲ್ ಹಚ್ಚಿ, ವಾರಕ್ಕೊಮ್ಮೆ ಮಗಳು ಹೇಮಾಳ ಮುಖ ನೋಡುತ್ತೇನೆ ಎಂದು ಗುರುತಿಲ್ಲದ ಹುಡುಗಿಗೆ ಹೇಗೆ ಹೇಳುವುದು? ಆ ಮುಖವೂ ಈಚೆಗೆ ತೆರೆಯ ಮೇಲೆ ಅಲುಗದೆ ನಿಂತುಬಿಡುತ್ತಿತ್ತು. ಇವನು ಎಷ್ಟು ಕೂಗಿದರೂ ದನಿ ಬರುತ್ತಿರಲಿಲ್ಲ. ಎಲ್ಲ ಈ ಹಾಳು ನೆಟ್ಟಿನದೇ ಕಿತಾಪತಿ.

ಕೊನೆಗೆ ಕಂಪನಿಯ ಲೈನ್‌ಮನ್ ಅಂಬರೀಶ ಮನೆಗೇ ಬಂದ. ರೌಟರಿನ ದೀಪ ನೋಡಿದ. ಫೈಬರ್ ಕಡಿದರೆ ಉರಿಯುವ ಕೆಂಪು ದೀಪ ಆರಿಯೇ ಇತ್ತು. ಬೆನ್ನಿಗಿದ್ದ ಚೀಟಿಯಿಂದ ಮಾಡೆಲ್ ಬರೆದುಕೊಂಡ. ಜೋಡಿಸಿದ್ದು ಒಂದು ಟಿವಿ, ಒಂದು ಮೊಬೈಲು, ಅಷ್ಟೇ. ಪ್ಲಾನ್ ನಲವತ್ತು ಎಂಬಿಪಿಎಸ್ ಸ್ಪೀಡಿನದು, ಸ್ಪೀಡು ಅಳೆದರೆ ಹೆಚ್ಚುಕಡಿಮೆ ಅಷ್ಟೂ ಬರುತ್ತಿತ್ತು.

"ಈಗ ಭೇಷ್ ಐತ್ರಿ ಅಣ್ಣಾರ. ಸ್ಲೋ ಆಗೂದು ಯಾವಾಗ ಹೇಳ್ರಿ, ಅದ ಹೊತ್ತಿಗೆ ಬಂದು ನೋಡ್ತೇನಿ."

ದುರ್ಗೇಶ ಗೋಡೆಯ ಕಡೆ ನೋಡುತ್ತ ಹೇಳಿದ, "ರವಿವಾರ. ಸಂಜಿ ಮುಂದ."

ರವಿವಾರ ಅಂಬರೀಶ ಸ್ಪೀಡು ಅಳೆಯುವ ಮಷೀನು ಹಿಡಿದು ಬಂದು ಕುಳಿತ. ದುರ್ಗೇಶ ಅಂಗಿ ಬದಲಿಸಿ, ಜಗತ್ತಿನ ಎಣ್ಣೆಯೆಲ್ಲ ತಲೆಗೆ ಹಚ್ಚಿ ಬಾಚಿಕೊಂಡು ಕರೆ ಹಚ್ಚಿದ. ಹೇಮಾ ಬಂದಳು. ಇವನು ಶುರು ಹಚ್ಚಿಕೊಂಡ. ನಿನಗೆ ಆನೆಯಷ್ಟು ದೊಡ್ಡ ಸೈಕಲ್ ತರುತ್ತೇನೆ, ಹಾವೇರಿ ಜಿಲ್ಲೆಯಲ್ಲೇ ಯಾರ ಹತ್ತಿರವೂ ಇಲ್ಲದ್ದು. ಹುಡುಗಿ ಅಲುಗಲಿಲ್ಲ.

"ನೋಡು, ನಿಂತತು. ಹಿಡಿ ಈಗ ನಿನ್ನ ಮಷೀನು," ಎಂದ ದುರ್ಗೇಶ. ಅವನ ದನಿಯಲ್ಲಿ ಗೆದ್ದವನ ಗತ್ತಿತ್ತು.

ಅಂಬರೀಶ ತನ್ನ ಮಷೀನು ನೋಡಿದ. ಆಮೇಲೆ ತೆರೆಯನ್ನು ನೋಡಿದ. ಹುಡುಗಿಯ ಹಿಂದೆ ಫ್ಯಾನಿನ ಗಾಳಿಗೆ ಕ್ಯಾಲೆಂಡರಿನ ಹಾಳೆ ಏಳುತ್ತಿತ್ತು, ಬೀಳುತ್ತಿತ್ತು. ಅಂಬರೀಶನ ಕಣ್ಣು ನಿಂತಲ್ಲಿಗೇ ದುರ್ಗೇಶನ ಕಣ್ಣೂ ಹೋಯಿತು. ಹಾಳೆ ಮತ್ತೆ ಎದ್ದಿತು. ಒಂದು ಬೆಕ್ಕು ಬಂದು ಹೇಮಾಳ ತೊಡೆಗೆ ಮೈ ತಿಕ್ಕಿ ಆಚೆ ಹೋಯಿತು.

"ಹೇಮಾ, ಕೇಳಸ್ತೈತೇನವಾ?" ದುರ್ಗೇಶನ ದನಿ ಸಣ್ಣದಾಗಿತ್ತು.

ರಾಜಶ್ರೀಯ ದನಿ ತೆರೆಯ ಹೊರಗಿನಿಂದ, ಒಂದಕ್ಷರವೂ ತುಂಡಾಗದೆ ಬಂತು. "ಎಲ್ಲಾ ಕೇಳಸ್ತೈತಿ. ಆಕಿನ ಮಾತಾಡಾಕ ಒಲ್ಲಳು. ಯಾವಾಗ ಬರ್ತಿ ಅಪ್ಪಾ ಅಂತ ಆಕಿ ಕೇಳಿದಾಗೆಲ್ಲಾ ದನಿ ಕಡಿತೈತಿ ಅಂತ ಇಟ್ಟಬಿಡ್ತಿದ್ರಿ. ನಾ ಇಲ್ಲೇ ಕುಂತ ನೋಡೇನ್ರಿ, ಒಮ್ಮೀನೂ ಕಡದಿಲ್ಲ."

ಲಾರಿಗಳನ್ನು ತಿರುಗಿಸುವ ಆ ಮನುಷ್ಯ ಎಣ್ಣೆ ಹಚ್ಚಿದ ಕೂದಲನ್ನು ಮತ್ತೆ ಸವರಿಕೊಂಡ. ಹಿರೇಕೆರೂರು ಏನು ಸಮುದ್ರದಾಚೆ ಇದೆಯೆ? ಹಾವೇರಿಯಲ್ಲಿ ಬಸ್ಸು ಬದಲಿಸಿದರೆ ಊಟದ ಹೊತ್ತಿಗೆ ಮುಟ್ಟಬಹುದು. ಆದರೆ ಮಾವನ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ಅದಕ್ಕೇ ವಾರ ವಾರ ಹಲೋ ಹಲೋ ಎಂದು ಕಿರುಚಿ ಇವನೇ ಕೆಂಪು ಗುಂಡಿ ಒತ್ತಿದ್ದ. ಹುಡುಗಿ ಕೇಳುವುದನ್ನು ಬಿಟ್ಟಳು. ಆಮೇಲೆ ಮಾತನ್ನೂ ಬಿಟ್ಟಳು. ಇವನು ನೆಟ್ಟಿಗೆ ಬೈಯುತ್ತ ಹೋಗಿದ್ದ.

"ಹೇಮಾ, ನಾ ಬರ್ತೇನಿ. ನಾಳೆ ಮುಂಜಾನೆನ ಬರ್ತೇನಿ."

ಹುಡುಗಿ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ. "ಬ್ಯಾಡ," ಎಂದಳು. ಮೊಬೈಲನ್ನು ಅವ್ವನಿಗೆ ಕೊಟ್ಟು ಬೆಕ್ಕು ಹೋದ ಕಡೆ ಎದ್ದುಹೋದಳು. ತೆರೆಯ ಮೇಲೆ ಛಾವಣಿ ಕಾಣಿಸಿತು. ತಿರುಗುವ ಫ್ಯಾನಿನ ಮೂರೂ ರೆಕ್ಕೆ ಎಣಿಸುವಷ್ಟು ಸ್ವಚ್ಛವಾಗಿ ಕಾಣಿಸಿದವು. ಆಮೇಲೆ ಕರೆ ಮುಗಿಯಿತು.

ಅಂಬರೀಶ ಮಷೀನಿನ ತಂತಿ ಸುತ್ತಿ ಚೀಲಕ್ಕೆ ಹಾಕಿದ. ಬಾಗಿಲವರೆಗೆ ಹೋಗಿ ನಿಂತ. ಕೇಳಲೇಬೇಕಿತ್ತು, ಅವನ ಕೆಲಸವೇ ಅದು.

"ಕಂಪ್ಲೇಂಟ್ ಕ್ಲೋಸ್ ಮಾಡ್ಲೇನ್ರಿ ಅಣ್ಣಾರ?"

"ಬ್ಯಾಡೋ ತಮ್ಮಾ," ಎಂದ ದುರ್ಗೇಶ, ಕೈಯಲ್ಲಿನ ಕಪ್ಪು ತೆರೆಯಿಂದ ಕಣ್ಣು ತೆಗೆಯದೆ. "ನೆಟ್ ಸ್ಲೋ ಐತಿ ಅಂತನ ಇರ್ಲಿ."

ಅಂಬರೀಶ ತನ್ನ ಮೊಬೈಲು ತೆಗೆದು, ಕ್ಲೋಸ್ ಗುಂಡಿ ಒತ್ತದೆ, ಮತ್ತೆ ಕಿಸೆಗೆ ಇಟ್ಟುಕೊಂಡ.