ಮರದಲ್ಲೇ ಬಿಟ್ಟ ಹಲಸು

ಹಾನುಬಾಳಿನ ಸುತ್ತ ಹಲಸನ್ನು ಎಳೆಗಾಯಲ್ಲೇ ಕಡಿದು ಹಾಕುತ್ತಾರೆ. ಹಣ್ಣಿನ ವಾಸನೆ ಬಿತ್ತೆಂದರೆ ಆನೆ ಹುಡುಕಿಕೊಂಡು ಬರುತ್ತದೆ. ಇದು ತೋಟದೊಡತಿ ದೀಪಶ್ರೀಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಒಂದು ದಿನದ ಮಟ್ಟಿಗೆ ತೋಟ ನೋಡಲು ಬರುವ ಬೆಂಗಳೂರಿನ ಮಕ್ಕಳು ಮರದಲ್ಲೇ ಹಣ್ಣು ನೋಡಲಿ ಎಂದು ಅಂಗಳದಂಚಿನ ಮರವೊಂದನ್ನು ಮುಟ್ಟಗೊಡಲಿಲ್ಲ. ತಲೆಗೆ ಮುನ್ನೂರೈವತ್ತು ರೂಪಾಯಿ, ಮಕ್ಕಳಿಗೆ ಅರ್ಧ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಕಡುಬು, ನಡುವೆ ಹಳ್ಳದ ಮೊಣಕಾಲುದ್ದ ನೀರಿನಲ್ಲಿ ಆಟ. ಯಾರೂ ಮಡುವಿಗೆ ಇಳಿಯದಂತೆ ಹಗ್ಗವನ್ನೂ ಕಟ್ಟಿಸಿದ್ದಳು.

"ಹಣ್ಣಾಗಕ್ಕೆ ಬಿಡಬ್ಯಾಡಿ ಕಣಮ್ಮಾ, ಕೆಡವ್ಬುಡ್ತೀನಿ," ಎಂದು ತೋಟದಾಳು ದಾಸಯ್ಯ ಎರಡು ಸಲ ಹೇಳಿದ್ದ.

"ಈ ಭಾನುವಾರ ಒಂದು ಕಳೀಲಿ ದಾಸಯ್ಯ," ಎಂದಿದ್ದಳು.

ಭಾನುವಾರ ಬೆಳಕು ಹರಿಯುವಾಗ ಅಂಗಳ ಗುಡಿಸಲು ಬಂದ ದಾಸಯ್ಯನನ್ನು ಆ ಮರದ ಬುಡದಲ್ಲೇ ಆನೆ ತುಳಿದು ಹಾಕಿತು. ಪೊರಕೆ ಇನ್ನೂ ಅವನ ಕೈಯಲ್ಲೇ ಇತ್ತು.

ಆಗಲೇ ಹಾಸನ ದಾಟಿದ್ದವರಿಗೆ ದೀಪಶ್ರೀ ಫೋನ್ ಮಾಡಿದಳು. "ಬರಬೇಡಿ. ತೋಟಕ್ಕೆ ಆನೆ ಬಂದೈತೆ..."

ಅವಳ ಮಾತು ಮುಗಿಯುವ ಮೊದಲೇ ಆ ಕಡೆಯ ಗಂಡಸು ಆನೆ ಬಂದಿದೆಯಂತೆ ಎಂದು ಮಕ್ಕಳಿಗೆ ಕೂಗಿ ಹೇಳಿದ. ಕಾರಿನೊಳಗೆ ಚಪ್ಪಾಳೆ ಬಿತ್ತು.

"ಬಂದೇ ಬರ್ತೀವಿ ಮೇಡಂ," ಎಂದ ಅವನು. "ಆನೆ ತೋರ್ಸೋದಕ್ಕೆ ಎಕ್ಸ್‌ಟ್ರಾ ಎಷ್ಟು?"