ಕೊಕ್ಕರೆ ಮಾರ್ಕಿನ ಬೀಗ ಯಾವಾಗಿನದು

ಈ ಕಥೆಯನ್ನು ಮೊದಲು ಹೇಳಿದವರು ವಕೀಲರ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಟೈಪಿಸ್ಟ್ ಆಗಿದ್ದ ಹೆಂಗಸು. ಹೇಳಿದ್ದು ನ್ಯಾಯಾಲಯದ ಬೇಸಿಗೆ ರಜೆ ಆರಂಭವಾಗುವ ಹಿಂದಿನ ಮಧ್ಯಾಹ್ನ, ಕಚೇರಿಯ ಕಡತಗಳ ಕೋಣೆಯಲ್ಲಿ. ಹಳೆಯ ಕಡತಗಳಿಗೆ ದಾರ ಕಟ್ಟುತ್ತಿದ್ದ ನಾಲ್ಕೈದು ಮಂದಿ ಗುಮಾಸ್ತರು ಕೇಳುಗರು. ಆಮೇಲೆ ಇದೇ ಕಥೆಯನ್ನು ಬೇರೆ ಇಬ್ಬರ ಬಾಯಲ್ಲಿ ಕೇಳಿದ್ದುಂಟು. ಒಬ್ಬರ ಪ್ರಕಾರ ಮೇಸ್ತ್ರಿ ಮೇಜು ಗುದ್ದಿದ. ಇನ್ನೊಬ್ಬರ ಪ್ರಕಾರ ಕುರ್ಚಿ ಒದ್ದ. ಟೈಪಿಸ್ಟ್ ಹೇಳಿದ್ದು ಮೇಜು. ಅವರು ಎದುರಿಗೇ ಇದ್ದವರಾದ್ದರಿಂದ ಇಲ್ಲಿ ಮೇಜೇ ಉಳಿದಿದೆ.

ಆ ಮೇಸ್ತ್ರಿ ಬೀಗದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದವನು. ಎಡಗೈಯ ತೋರುಬೆರಳಿನ ಅರ್ಧವನ್ನು ಅಲ್ಲಿನ ಪ್ರೆಸ್ ಯಂತ್ರಕ್ಕೆ ಕೊಟ್ಟು ‘ಅರೆಬೆರಳು’ ಎಂಬ ಹೆಸರು ಪಡೆದಿದ್ದ. ಐದು ವರ್ಷದ ಹಿಂದೆ ಕೆಲಸ ಬಿಟ್ಟು, ಮಗಳನ್ನೂ ಏಳು ಜನ ಆಳುಗಳನ್ನೂ ಕಟ್ಟಿಕೊಂಡು ತಗಡಿನ ಶೆಡ್ಡಿನಲ್ಲಿ ಸ್ವಂತವಾಗಿ ಬೀಗ ಮಾಡತೊಡಗಿದ್ದ. ಕೀಲಿಕೈ ಎರಡು ಸುತ್ತು ತಿರುಗಿದ ಮೇಲಷ್ಟೇ ಒಳಗಿನ ಮೂರು ಸಣ್ಣ ಲೋಹದ ಹಲಗೆಗಳೂ ಒಟ್ಟಿಗೆ ಏಳುವ ಬೀಗ ಅದು. ತಂತಿ ತೂರಿಸಿ ತೆಗೆಯಲು ಬಾರದು.

ಒಂದು ದಿನ ಅವನು ಮಗಳ ಜೊತೆ ಕಚೇರಿಗೆ ನುಗ್ಗಿ, ಕೈಯಲ್ಲಿದ್ದ ನೋಟಿಸನ್ನು ವಕೀಲರ ಮುಂದೆ ಎಸೆದು, ಮೇಜು ಗುದ್ದಿದ. ಟೈಪಿಸ್ಟರ ಚಹಾದ ಲೋಟ ಉರುಳಿತು.

“ನಾನು ಕಳ್ಳನಂತೆ! ನನ್ನ ಬೀಗ ನಾನೇ ಕದ್ದಿದ್ದೀನಂತೆ! ಓದಿ ಸಾರ್, ಗಟ್ಟಿಯಾಗಿ ಓದಿ. ಹೊರಗಿರೋರಿಗೂ ಕೇಳಲಿ.”

ಹಳೆಯ ಕಂಪನಿ ಅವನ ಮೇಲೆ ದಾವೆ ಹೂಡಿತ್ತು. ಎರಡು ಸುತ್ತಿನ ಬೀಗದ ಪೇಟೆಂಟ್ ತನ್ನದು, ಮೇಸ್ತ್ರಿ ಕೂಡಲೇ ತಯಾರಿಕೆ ನಿಲ್ಲಿಸಬೇಕು ಎಂದು ತಡೆಯಾಜ್ಞೆ ಕೇಳಿತ್ತು. ವಿಚಾರಣೆಗೆ ಉಳಿದದ್ದು ಹನ್ನೆರಡು ದಿನ. ತಡೆ ಸಿಕ್ಕಿದರೆ ಶೆಡ್ಡಿಗೇ ಬೀಗ.

“ಅದನ್ನ ಮಾಡಿದ್ದು ನೀವೇ ಅನ್ನೋದಕ್ಕೆ ಏನಿದೆ?” ಎಂದರು ವಕೀಲರು.

“ಈ ಕೈ ಇದೆ.”

“ಕೈ ಸಾಲದು ಮೇಸ್ತ್ರಿ. ಕಾಗದ ಬೇಕು. ನಕ್ಷೆ, ಪತ್ರ, ಏನಾದ್ರೂ.”

“ನಕ್ಷೆ ಅವರ ಕಾರ್ಖಾನೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಕಸ ಗುಡಿಸೋಳು ಒರೆಸಿಹಾಕಿದ್ಲು. ಅವಳನ್ನ ಕರೆಸ್ತೀರಾ?”

ವಕೀಲರು ಮೂಲೆಯ ಮೇಜಿನತ್ತ ಕೈ ತೋರಿದರು. ಅಲ್ಲಿದ್ದವಳನ್ನು ಎಲ್ಲರೂ ‘ಹುಡುಕಕ್ಕ’ ಎನ್ನುತ್ತಿದ್ದರು. ಯಾವ ಸಂಸ್ಥೆಯ ಬಳಿ ಯಾವ ಟ್ರೇಡ್‌ಮಾರ್ಕ್, ಯಾವ ಪೇಟೆಂಟ್ ಇದೆ, ಎಂದಿನಿಂದ ಇದೆ ಎಂದು ಸರ್ಕಾರಿ ದಾಖಲೆಗಳಲ್ಲಿ ಹುಡುಕುವುದಷ್ಟೇ ಅವಳ ಕೆಲಸ. ಮೇಸ್ತ್ರಿ ಅವಳ ಕಂಪ್ಯೂಟರನ್ನು ಕಂಡು ಇನ್ನಷ್ಟು ಕೆರಳಿದ.

“ನಾನಿಲ್ಲಿ ಉರೀತಿದ್ದೀನಿ, ನೀನು ಬೆರಳಾಡಿಸ್ತಾ ಕೂತ್ಕೊಳ್ತೀಯಾ?”

“ನನಗೆ ಹತ್ತೂ ಬೆರಳಿವೆ ಮೇಸ್ತ್ರಿ, ಆಡಿಸ್ತೀನಿ,” ಎಂದಳು ಹುಡುಕಕ್ಕ. ಮಗಳು ಸೆರಗಿನೊಳಗೆ ನಕ್ಕಳು. “ಯಾರು ಮಾಡಿದ್ದು ಅನ್ನೋದನ್ನ ಆಮೇಲೆ ನೋಡೋಣ. ಅವರ ಹತ್ರ ಏನಿದೆ, ಯಾವತ್ತಿಂದ ಇದೆ, ಅದನ್ನ ಮೊದಲು ತಿಳ್ಕೊಳ್ಳೋಣ.”

ಅವಳು ಪೇಟೆಂಟಿನ ದಾಖಲೆಯಿಂದ ಆರಂಭಿಸಿದಳು. ಅರ್ಜಿದಾರರ ಜಾಗದಲ್ಲಿ ಕಂಪನಿಯ ಹೆಸರು ಹಾಕಿದಾಗ ನಾಲ್ಕು ಪೇಟೆಂಟುಗಳು ಬಂದವು. ನವೀಕರಣದ ಶುಲ್ಕ ಕಟ್ಟದೆ ಎರಡು ಸತ್ತುಹೋಗಿದ್ದವು. ಒಂದು ಬಾಗಿಲ ಹಿಡಿಯದ್ದು. ನಾಲ್ಕನೆಯದೇ ಎರಡು ಸುತ್ತಿನ ಬೀಗ. ಅರ್ಜಿ ಸಲ್ಲಿಸಿ ಒಂಬತ್ತು ವರ್ಷವಾಗಿತ್ತು. ಶುಲ್ಕವೆಲ್ಲ ಸಕಾಲಕ್ಕೆ ಸಂದಿತ್ತು. ಇಪ್ಪತ್ತು ವರ್ಷದ ಅವಧಿಯಲ್ಲಿ ಇನ್ನೂ ಹನ್ನೊಂದು ಬಾಕಿ.

“ಅಂದರೆ ಜೀವಂತ ಇದೆ,” ಎಂದಳು. “ಆವಿಷ್ಕಾರ ಮಾಡಿದವರ ಹೆಸರು...” ಓದಿ ಮೇಸ್ತ್ರಿಯತ್ತ ತಿರುಗಿದಳು.

“ಯಾರು?”

“ಕಂಪನಿ ಯಜಮಾನರ ಮಗ.”

ಮೇಸ್ತ್ರಿಯ ಕತ್ತಿನ ನರ ಉಬ್ಬಿತು. “ಆ ಕೂಸಾ? ಕೀಲಿಕೈ ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಿಲ್ಲದೆ ಸ್ವಂತ ಕೋಣೆ ಹೊರಗೆ ನಿಂತು ‘ಮೇಸ್ತ್ರಿ ಮಾಮಾ’ ಅಂತ ಅಳ್ತಿದ್ದವನು! ಅವನು ಮಾಡಿದ್ನಂತಾ?”

“ಅಪ್ಪಾ, ಬಿ.ಪಿ. ಮಾತ್ರೆ ತಗೊಂಡಿದ್ದೀಯಾ?” ಎಂದಳು ಮಗಳು.

“ಇದು ಮಾತ್ರೆಗೆ ಇಳಿಯೋ ಸಿಟ್ಟಲ್ಲ ಕಣೇ.”

ಹುಡುಕಕ್ಕ ಮತ್ತೂ ಒಂದನ್ನು ನೋಡಿದಳು. ಅದಕ್ಕೂ ಮೊದಲು ಬೇರೆಲ್ಲಾದರೂ ಅರ್ಜಿ ಹಾಕಿ, ಆ ಹಳೆಯ ದಿನಾಂಕವನ್ನೇ ಇದಕ್ಕೂ ಕೇಳಿಕೊಂಡಿದ್ದಾರೆಯೇ? ಆ ಜಾಗ ಖಾಲಿ. ಆದ್ದರಿಂದ ಲೆಕ್ಕಕ್ಕೆ ಬರುವುದು ಅರ್ಜಿಯ ದಿನವೊಂದೇ. ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದಳು.

ಮರುದಿನ ಅಪ್ಪ ಮಗಳು ಮತ್ತೆ ಬಂದಾಗ ಟ್ರೇಡ್‌ಮಾರ್ಕುಗಳ ಸರದಿ. ಕಂಪನಿಯ ಹೆಸರಿಗೆ ಎರಡೇ ಮಾರ್ಕುಗಳು ಬಂದವು, ಎರಡೂ ಹೊಸವು. ಅವಳು ಹುಬ್ಬು ಗಂಟಿಕ್ಕಿದಳು. ಆ ಕಂಪನಿಯ ಪ್ರತಿ ಬೀಗದ ಮೇಲೂ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯ ಚಿತ್ರವಿರುತ್ತಿತ್ತು.

“ಕೊಕ್ಕರೆ ಎಲ್ಲಿ?”

“ಹಾರಿಹೋಯ್ತೇನೋ,” ಎಂದ ಮೇಸ್ತ್ರಿ ಕಹಿಯಾಗಿ.

“ಇಷ್ಟು ವರ್ಷದ ಮಾರ್ಕನ್ನ ಯಾರೂ ನೋಂದಣಿ ಮಾಡಿಸದೆ ಬಿಡಲ್ಲ. ಅವರ ಮಾಲು ಯಾರ ಹೆಸರಲ್ಲಿ ಮಾರಾಟ ಆಗ್ತಿತ್ತು?”

ಉತ್ತರ ಕೊಟ್ಟವಳು ಮಗಳು. “ಬಿಲ್ಲು ಯಾವತ್ತೂ ಯಜಮಾನತಿ ಹೆಸರಿನ ಏಜೆನ್ಸಿಯದ್ದು ಅಕ್ಕ. ಕಂಪನಿ ಮಾಡೋದು, ಅಮ್ಮಾವರ ಏಜೆನ್ಸಿ ಮಾರೋದು.”

ಹುಡುಕಕ್ಕ ಮಾಲೀಕರ ಹೆಸರನ್ನು ಬಿಟ್ಟಳು. ಲೋಹದ ಸಾಮಾನುಗಳ ಆರನೆಯ ವರ್ಗದಲ್ಲಿ ‘ಕೊಕ್ಕರೆ’ ಎಂಬ ಪದವನ್ನೂ, ಹಕ್ಕಿಯ ಚಿತ್ರಗಳನ್ನೂ ಹುಡುಕಿದಳು. ಹದ್ದು, ಗಿಳಿ, ಎರಡು ನವಿಲು ದಾಟಿದ ಮೇಲೆ ಒಂಟಿ ಕಾಲಿನ ಕೊಕ್ಕರೆ ಸಿಕ್ಕಿತು. ಮಾಲೀಕರ ಜಾಗದಲ್ಲಿ ಯಜಮಾನತಿಯ ಏಜೆನ್ಸಿ. ಅರ್ಜಿ ಏಳು ವರ್ಷ ಹಿಂದಿನದು. ಆದರೆ ‘ಬಳಕೆಯಲ್ಲಿರುವುದು’ ಎಂಬ ಕಡೆ ಅದಕ್ಕೂ ಐದು ವರ್ಷ ಹಿಂದಿನ ದಿನಾಂಕ.

ಅದಕ್ಕೆ ಆಧಾರ ಕಡತದಲ್ಲೇ ಇತ್ತು. ಬಾತುಕೋಳಿ ಮಾರ್ಕಿನ ಚಿಲಕದವನೊಬ್ಬ, ಕೊಕ್ಕರೆ ತನ್ನ ಹಕ್ಕಿಯ ನಕಲು ಎಂದು ವಿರೋಧ ಸಲ್ಲಿಸಿದ್ದ. ಅವನಿಗಿಂತ ಮೊದಲೇ ಕೊಕ್ಕರೆ ಮಾರುಕಟ್ಟೆಯಲ್ಲಿತ್ತು ಎಂದು ತೋರಿಸಲು ಯಜಮಾನತಿ ಪ್ರಮಾಣಪತ್ರ ಕೊಟ್ಟು, ಹಳೆಯ ಬಿಲ್ಲುಗಳನ್ನೂ ಅಚ್ಚಾದ ಮಾಲಿನ ಪಟ್ಟಿಯೊಂದನ್ನೂ ಲಗತ್ತಿಸಿದ್ದರು. ಬಾತುಕೋಳಿ ಸೋತಿತ್ತು.

ಹುಡುಕಕ್ಕ ಆ ಪಟ್ಟಿಯನ್ನು ಪುಟಪುಟವಾಗಿ ತೆರೆದಳು. ಆರನೆಯ ಪುಟದಲ್ಲಿ ಕೈ ನಿಂತಿತು.

“ಮೇಸ್ತ್ರಿ, ಇಲ್ಲಿ ಬನ್ನಿ.”

ಪುಟದ ತುಂಬ ಒಂದು ಫೋಟೋ. ಬೀಗದ ಒಂದು ಮಗ್ಗುಲನ್ನು ಕತ್ತರಿಸಿ ಒಳಗಿನ ಮೂರು ಹಲಗೆಗಳನ್ನು ತೋರಿಸಲಾಗಿತ್ತು. ಕೆಳಗೆ, ‘ಎರಡನೆಯ ಸುತ್ತಿಗೆ ಮೂರೂ ಒಟ್ಟಿಗೆ ಏಳುತ್ತವೆ’ ಎಂಬ ವಿವರಣೆ, ಬಾಣದ ಗುರುತುಗಳು. ಬೀಗವನ್ನು ಹಿಡಿದಿದ್ದು ಒಂದು ಎಡಗೈ. ಅದರ ತೋರುಬೆರಳು ಅರ್ಧಕ್ಕೇ ಮುಗಿದಿತ್ತು.

ಮೇಸ್ತ್ರಿ ಪರದೆಗೆ ಬಗ್ಗಿ ಆ ಬೆರಳನ್ನೇ ನೋಡಿದ. “ಫೋಟೋದವನು ಬಂದಿದ್ದ,” ಎಂದ ನಿಧಾನವಾಗಿ. “ಯಜಮಾನರೇ, ‘ನೀನೇ ಹಿಡಿ, ನಿನಗೇ ಗೊತ್ತು ಎಲ್ಲಿ ಹಿಡಿದ್ರೆ ಕಾಣುತ್ತೆ’ ಅಂದ್ರು. ಮುಖ ಬರದ ಹಾಗೆ ತೆಗೆದ್ರು.” ಅಷ್ಟರಲ್ಲಿ ಸಿಟ್ಟು ಮರಳಿತು. “ಕೈ ಬೇಕಿತ್ತು, ಮುಖ ಬೇಡವಾಗಿತ್ತು, ಬೇವರ್ಸಿಗಳಿಗೆ!”

ಹುಡುಕಕ್ಕ ಪುಟದ ತಳದಲ್ಲಿದ್ದ ಅಚ್ಚಿನ ತಿಂಗಳು, ವರ್ಷ ನೋಡಿದಳು. ಅಂಟಿಸಿದ್ದ ಚೀಟಿಯನ್ನು ಕಿತ್ತು ಅದರ ಪಕ್ಕ ಹಿಡಿದಳು. ಮಾಲಿನ ಪಟ್ಟಿ ಅಚ್ಚಾದದ್ದು ಪೇಟೆಂಟಿನ ಅರ್ಜಿಗಿಂತ ಎರಡು ವರ್ಷ ನಾಲ್ಕು ತಿಂಗಳು ಮೊದಲು. ಅದೇ ತಿಂಗಳಿನ ಮಾರಾಟದ ಬಿಲ್ಲೂ ಜೊತೆಗಿತ್ತು.

“ಪೇಟೆಂಟ್ ಕೊಡೋದು ಹೊಸದಕ್ಕೆ,” ಎಂದಳು. “ಅರ್ಜಿ ಹಾಕೋ ದಿನಕ್ಕೆ ಅದು ಜನಕ್ಕೆ ಗೊತ್ತಿರಬಾರದು. ಇವರು ಎರಡು ವರ್ಷ ಮೊದಲೇ ಹೊಟ್ಟೆ ಸೀಳಿ ಫೋಟೋ ಹಾಕಿ ಊರೆಲ್ಲ ಮಾರಿದ್ದಾರೆ. ಬಾತುಕೋಳಿ ಹತ್ರ ‘ಹಳೇದು’ ಅಂತ ಪ್ರಮಾಣ ಮಾಡಿದ್ದಾರೆ. ಪೇಟೆಂಟಿನವರ ಹತ್ರ ‘ಹೊಸದು’ ಅಂದಿದ್ದಾರೆ.”

“ಇದು ಅವರಿಗೆ ಹೊಳೀಲಿಲ್ವಾ?” ಎಂದಳು ಮಗಳು.

“ಪೇಟೆಂಟಿಗೆ ಒಬ್ಬ ಏಜೆಂಟ್, ಮಾರ್ಕಿಗೆ ಇನ್ನೊಬ್ಬ. ಹೆಸರೂ ಬೇರೆ, ಕಡತವೂ ಬೇರೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟವರಿಲ್ಲ.”

ಎರಡೂ ಕಡತಗಳ ದೃಢೀಕೃತ ಪ್ರತಿಗಳು ಬಂದವು. ವಕೀಲರು ಉತ್ತರದ ಜೊತೆ ಅವನ್ನು ಸಲ್ಲಿಸಿದರು. ವಿಚಾರಣೆಗೆ ಎರಡು ದಿನವಿದ್ದಾಗ ಯಜಮಾನರು ತಾವೇ ಕಚೇರಿಗೆ ಬಂದರು. ಮೇಸ್ತ್ರಿ ಎದ್ದು ನಿಲ್ಲಲಿಲ್ಲ. ಮೂವತ್ತಾರು ವರ್ಷದಲ್ಲಿ ಅದೇ ಮೊದಲು ಎಂದು ಟೈಪಿಸ್ಟ್ ಒತ್ತಿ ಹೇಳಿದರು.

“ಏನಪ್ಪಾ, ಮನೆಯವರ ಮಧ್ಯೆ ಇದೆಲ್ಲ ಯಾಕೆ?” ಎಂದರು ಯಜಮಾನರು. “ದಾವೆ ವಾಪಸ್ ತಗೊಳ್ತೀನಿ. ನೀನು ಬೀಗ ಮಾಡ್ಕೋ. ಅಷ್ಟೇ ಅಲ್ಲ, ಆವಿಷ್ಕಾರ ಮಾಡಿದವನು ಅಂತ ನಿನ್ನ ಹೆಸರನ್ನೂ ಪೇಟೆಂಟಿಗೆ ಸೇರಿಸ್ತೀವಿ. ತಿದ್ದುಪಡಿಗೆ ಅವಕಾಶ ಇದೆ, ಕೇಳಿದ್ದೀನಿ. ನೀನು ಅದನ್ನ ರದ್ದು ಮಾಡಿ ಅಂತ ಅರ್ಜಿ ಹಾಕಬೇಡ, ಅಷ್ಟು ಸಾಕು.”

ಮೇಸ್ತ್ರಿ ವಕೀಲರತ್ತ ತಿರುಗಿದ. “ರದ್ದಾದ್ರೆ?”

“ಬೀಗ ಎಲ್ಲರದ್ದೂ ಆಗುತ್ತೆ. ಯಾರು ಬೇಕಾದ್ರೂ ಮಾಡಬಹುದು. ನಿಮ್ಮ ಹೆಸರು ಎಲ್ಲೂ ಬರಲ್ಲ.”

“ಇವರು ಹೇಳಿದ ಹಾಗಾದ್ರೆ?”

“ಹೆಸರು ಬರುತ್ತೆ. ಪೇಟೆಂಟ್ ಅವರ ಹತ್ರಾನೇ ಇರುತ್ತೆ. ಅದನ್ನ ಹಿಡ್ಕೊಂಡು ಇನ್ನೊಬ್ಬನ ಮೇಲೆ ದಾವೆ ಹಾಕಬಹುದು.”

ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಆ ಹೆಸರಿಗಾಗಿ ಅವನು ಎಷ್ಟು ವರ್ಷ ಮನೆಯಲ್ಲಿ ಗೋಡೆಯೊಡನೆ ಜಗಳವಾಡಿದ್ದನೆಂದು ಅವಳಿಗೊಬ್ಬಳಿಗೇ ಗೊತ್ತು.

“ಯಜಮಾನ್ರೇ,” ಎಂದ ಮೇಸ್ತ್ರಿ. ದನಿ ಏರಲಿಲ್ಲ, ಅದರಿಂದಲೇ ಎಲ್ಲರಿಗೂ ಭಯವಾಯಿತಂತೆ. “ಬೀಗಕ್ಕೆ ನನ್ನ ಹೆಸರು ಹಾಕಿ ಅಂತ ಅವತ್ತು ಕೇಳ್ಕೊಂಡ್ರೂ ಹಾಕಲಿಲ್ಲ. ಈಗ ನಿಮ್ಮ ಬುಡಕ್ಕೆ ಬೆಂಕಿ ಬಿದ್ದಾಗ ನನ್ನ ಹೆಸರಿನ ಗೋಣಿಚೀಲ ಹಾಕಿ ಆರಿಸ್ತೀರಾ? ನಾಳೆ ಯಾವನೋ ಬಡಪಾಯಿ ಶೆಡ್ಡಿಗೆ ನೋಟಿಸ್ ಹೋಗುತ್ತೆ. ಅದರಲ್ಲಿ ನನ್ನ ಹೆಸರಿರುತ್ತೆ. ಅವನು ಉಗಿಯೋದು ನನ್ನ ಮುಖಕ್ಕೆ. ಫೋಟೋದಲ್ಲಿ ಬೇಡವಾಗಿದ್ದ ಮುಖ ಉಗಿಸ್ಕೊಳ್ಳೋಕೆ ಬೇಕಾಯ್ತಾ? ಎದ್ದೇಳಿ. ರದ್ದಿನ ಅರ್ಜಿ ಇವತ್ತೇ ಹೋಗುತ್ತೆ.”

ಯಜಮಾನರು ಹೋದರು. ಅರ್ಜಿಯೂ ಅಂದೇ ಹೋಯಿತು. ನ್ಯಾಯಾಲಯ ತಡೆಯಾಜ್ಞೆ ಕೊಡಲಿಲ್ಲ. ಒಂದೂವರೆ ವರ್ಷದ ಮೇಲೆ ಪೇಟೆಂಟ್ ರದ್ದಾಯಿತು. ಆದೇಶದಲ್ಲಿ ಮಾಲಿನ ಪಟ್ಟಿಯ ಆರನೆಯ ಪುಟದ ಪ್ರಸ್ತಾಪವಿದೆ. ಅದನ್ನು ಹಿಡಿದ ಕೈ ಯಾರದೆಂದು ಅದು ಹೇಳುವುದಿಲ್ಲ.

ಕಥೆ ಮುಗಿಯಿತೆಂದುಕೊಂಡ ಗುಮಾಸ್ತನೊಬ್ಬ ಕೇಳಿದ: “ಈಗಲಾದ್ರೂ ಸಿಟ್ಟು ಇಳಿದಿದೆಯಾ ಮೇಸ್ತ್ರಿಗೆ?”

“ಎಲ್ಲಿಂದ! ಈಗ ನಾಲ್ಕು ಕಡೆ ಆ ಬೀಗ ಮಾಡ್ತಾರೆ,” ಎಂದರು ಟೈಪಿಸ್ಟ್. “ಮೇಸ್ತ್ರಿ ಅಂಗಡಿ ಅಂಗಡಿ ತಿರುಗಿ ಒಂದೊಂದನ್ನೂ ಬಿಚ್ಚಿ ನೋಡ್ತಾರೆ. ಹಲಗೆ ಸಡಿಲ ಇದ್ರೆ ಮಾಡಿದವನ ಶೆಡ್ಡಿಗೇ ಹೋಗಿ ಬೈದು, ಕೂತು, ಸರಿ ಮಾಡಿಕೊಟ್ಟು ಬರ್ತಾರೆ. ಚಹಾ ಕೊಟ್ರೆ ಅದಕ್ಕೂ ಬೈತಾರೆ.”

ಅವರು ಕೊನೆಯ ಕಡತದ ದಾರವನ್ನು ಹಲ್ಲಿನಿಂದ ಬಿಗಿದರು. ಗುಮಾಸ್ತರು ಪಂಚೆ, ಪ್ಯಾಂಟುಗಳ ದೂಳು ಕೊಡವಿ ಎದ್ದರು. ಎಲ್ಲರೂ ಹೊರಬಂದ ಮೇಲೆ ಟೈಪಿಸ್ಟ್ ಕೋಣೆಗೆ ಬೀಗ ಹಾಕಿದರು. ಕೀಲಿಕೈ ಎರಡು ಸುತ್ತು ತಿರುಗಿತು. ಬೀಗದ ಮೈಮೇಲೆ ಯಾವ ಹಕ್ಕಿಯೂ ಇರಲಿಲ್ಲ. ಒಬ್ಬ ಗುಮಾಸ್ತ ಅದನ್ನೊಮ್ಮೆ ಜಗ್ಗಿ ನೋಡಿದ. ಆಮೇಲೆ ಅವನೂ ಚಪ್ಪಲಿ ಮೆಟ್ಟಿಕೊಂಡು ಉಳಿದವರ ಹಿಂದೆ ಮನೆಗೆ ಹೊರಟ.