ಕೊಸರು ಕೇಳದ ಪುಟ್ಟಸಿದ್ದಮ್ಮ

ಹಂಗಳದ ಪುಟ್ಟಸಿದ್ದಮ್ಮ ಚೌಕಾಸಿಗೆ ನಿಂತಳೆಂದರೆ ಅಂಗಡಿಯವನು ಆ ದಿನ ಎದ್ದ ಮಗ್ಗುಲು ಸರಿಯಿಲ್ಲ ಎಂದೇ ಲೆಕ್ಕ. ಗುಂಡ್ಲುಪೇಟೆ ಸಂತೆಯ ತರಕಾರಿಯವರು ಅವಳ ಸೆರಗು ದೂರದಲ್ಲಿ ಕಂಡರೆ ಸಾಕು, ಬೆಲೆಯನ್ನು ಮುಂಗಡವಾಗಿಯೇ ಏರಿಸಿಕೊಂಡು ಕೂರುತ್ತಿದ್ದರು. ಅವಳ ವರಸೆ ಸರಳವಾದದ್ದು. ಮೊದಲು ಸಾಮಾನನ್ನು ಹಳಿಯುವುದು, ಆಮೇಲೆ ಅರ್ಧ ಬೆಲೆಗೆ ಕೇಳುವುದು, ಒಪ್ಪದಿದ್ದರೆ ಎದ್ದು ಹೊರಡುವುದು. ಹಿಂದಿನಿಂದ ಕರೆ ಬಂದೇ ಬರುತ್ತಿತ್ತು. ಕೊಂಡ ಮೇಲೂ ಕೊಸರು ಅಂತ ಒಂದು ಹಿಡಿ ಸೊಪ್ಪನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಚೀಲಕ್ಕೆ ಹಾಕಿಸಿಕೊಳ್ಳದೆ ಅವಳು ಜಾಗ ಬಿಟ್ಟದ್ದಿಲ್ಲ.

ಇಂಥವಳು ಅಧ್ಯಕ್ಷೆಯಾಗಿದ್ದ ಮಹಿಳಾ ಸಂಘಕ್ಕೆ ಅರಿಸಿನ, ಮೆಣಸಿನಕಾಯಿ ಪುಡಿ ಮಾಡುವ ಯಂತ್ರ ಬೇಕಾಗಿತ್ತು. ಮೂಟೆ ಹೊತ್ತು ಗುಂಡ್ಲುಪೇಟೆಯ ಮಿಲ್ಲಿಗೆ ಅಲೆದು, ಸಾಲಿನಲ್ಲಿ ಕಾದು, ಸಂಘದ ಹೆಂಗಸರಿಗೆ ಸಾಕಾಗಿಹೋಗಿತ್ತು. ವರ್ಷಗಟ್ಟಲೆ ಕೂಡಿಟ್ಟ ಹಣ ಎಂಬತ್ತೈದು ಸಾವಿರ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ, ಸಾಲ ಮಾಡುವುದಿಲ್ಲ ಎಂದು ಸಭೆಯಲ್ಲಿ ತೀರ್ಮಾನವಾಗಿತ್ತು. ಯಂತ್ರ ಮಾರುವವರು ಬೇಕಾದಷ್ಟು ಜನರಿದ್ದರು. ಆದರೆ ಕೆಟ್ಟರೆ ಹಂಗಳದವರೆಗೆ ಫಿಟ್ಟರ್ ಕಳಿಸುತ್ತೇನೆ ಎಂದವರು ಚಾಮರಾಜನಗರದ ಗುರುಪಾದಸ್ವಾಮಿ ಒಬ್ಬರೇ.

ಪುಟ್ಟಸಿದ್ದಮ್ಮ ತನ್ನ ಅಣ್ಣನ ಮಗಳು ರಂಜಿನಿಯನ್ನು ಜೊತೆಗೆ ಕರೆದುಕೊಂಡು ಅವರ ಅಂಗಡಿಗೆ ಹೋದಳು. ರಂಜಿನಿ ಬಿಕಾಂ ಓದಿದವಳು, ಸಂಘದ ಬರವಣಿಗೆಯೆಲ್ಲ ಅವಳದೇ. ಗುರುಪಾದಸ್ವಾಮಿ ಕೂರಿಸಿ, ಕಾಫಿ ತರಿಸಿ, ಮೋಟಾರು, ಸ್ಟಾರ್ಟರು, ತೆರಿಗೆ, ಸಾಗಾಟ ಎಲ್ಲ ಸೇರಿ ತೊಂಬತ್ತಾರು ಸಾವಿರ ಎಂದರು. ಪುಟ್ಟಸಿದ್ದಮ್ಮ ಕಾಫಿ ಮುಗಿಸಿ, ಸ್ಟೀಲಿನ ಯಂತ್ರದ ಮೇಲೆ ಬೆರಳಿನ ಗೆಣ್ಣಿನಿಂದ ಟಣ್ಣೆಂದು ಬಡಿದಳು.

“ಈ ಡಬ್ಬಕ್ಕ ಇಷ್ಟೊಂದಾ? ಐವತ್ತಕ್ಕೆ ಕೊಡಂಗಿದ್ರೆ ಕೊಡಿ, ಇಲ್ದಿದ್ರೆ ಬುಡಿ.”

ಗುರುಪಾದಸ್ವಾಮಿಯವರ ಮುಖದ ನಗು ಮಾಯವಾಯಿತು. ಆಗಲಿ ತಾಯಿ, ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ ತಗೊಳ್ಳಿ ಎಂದಷ್ಟೇ ಹೇಳಿದರು. ಪುಟ್ಟಸಿದ್ದಮ್ಮ ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಮದುವೆ ಹೆಣ್ಣು ಸಿಂಗಾರಕ್ಕೆ ತೆಗೆದುಕೊಳ್ಳುವಷ್ಟು ಹೊತ್ತು ತೆಗೆದುಕೊಂಡಳು. ಬೀದಿಯಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು. ಕರೆ ಬರಲಿಲ್ಲ. ಬಸ್ ಸ್ಟ್ಯಾಂಡು ಬಂತು, ಗುಂಡ್ಲುಪೇಟೆ ಬಸ್ಸೂ ಬಂತು, ಕರೆ ಮಾತ್ರ ಬರಲೇ ಇಲ್ಲ. ತೆರಕಣಾಂಬಿ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಹಾಕಿಕೊಂಡು ಕೂತಿದ್ದಳು.

ಊರಿನ ಹೆಂಗಸರು ಕೇಳಿದಾಗ, ಅವನೇ ಫೋನು ಮಾಡುತ್ತಾನೆ ನೋಡುತ್ತಿರಿ ಎಂದಳು. ವಾರ ಕಳೆಯಿತು. ಇಷ್ಟು ವರ್ಷ ಉಳಿಸಿಕೊಂಡು ಬಂದ ಹೆಸರು ಒಂದು ಡಬ್ಬದ ಮುಂದೆ ಹೋಯಿತಲ್ಲ ಎಂದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು. ಅಲ್ಲಿ ಮಿಲ್ಲಿನ ಸಾಲಿನಲ್ಲಿ ಹೆಂಗಸರು ಮತ್ತೆ ಮೂಟೆ ಇಟ್ಟುಕೊಂಡು ಕೂತಿದ್ದರು.

ರಂಜಿನಿ ಒಂದು ಸಂಜೆ ಮೊಬೈಲು ಹಿಡಿದು ಬಂದು, ನಾವೇ ಅವರಿಗೆ ಬರೆಯೋಣ ಎಂದಳು. ನಾವಾಗಿ ಹೋದರೆ ಸೋತ ಹಾಗೆ ಎಂದು ಪುಟ್ಟಸಿದ್ದಮ್ಮ ಸಿಡುಕಿದಳು. ರಂಜಿನಿ ಜಗ್ಗಲಿಲ್ಲ. ಬರೆದುಕೊಂಡೇ ಬಂದಿದ್ದನ್ನು ಓದಿದಳು. ಬಡ ಹೆಂಗಸರು, ದೊಡ್ಡ ಮನಸ್ಸು ಮಾಡಿ, ಕೈಮುಗಿದು ಬೇಡುತ್ತೇವೆ ಎಂದೆಲ್ಲ ಇತ್ತು. ಪುಟ್ಟಸಿದ್ದಮ್ಮನಿಗೆ ರೇಗಿಹೋಯಿತು.

“ಬೇಡಕ್ಕೆ ನಾವೇನ್ ಭಿಕ್ಷಕ್ಕ ಓಗಿದ್ವಾ ಕಣಮ್ಮಿ? ನಮ್ಮ್ ದುಡ್ಡು, ಅವ್ರ್ ಮಿಷಿನ್ನು. ಅದ ತಗದಾಕು.”

ರಂಜಿನಿ ತೆಗೆದಳು. ಅದರ ಜಾಗಕ್ಕೆ ಅತ್ತೆ ಹೇಳಿದ, ನಿಮ್ಮಂಥ ಅಂಗಡಿ ಊರಿಗೆ ಹತ್ತು ಇವೆ ಎಂಬ ಮಾತನ್ನು ಮಾತ್ರ ಅವಳು ಬರೆಯಲೊಪ್ಪಲಿಲ್ಲ. ಹೀಗೆ ಒಬ್ಬಳು ಬೇಡುವ ಮಾತನ್ನು ಕಿತ್ತಳು, ಇನ್ನೊಬ್ಬಳು ಚುಚ್ಚುವ ಮಾತನ್ನು ಕಿತ್ತಳು. ಬಿಟ್ಟುಕೊಡಬಹುದಾದದ್ದೇನು, ಬಿಡಲಾಗದ್ದೇನು ಎಂದು ಇಬ್ಬರೂ ಕೂತು ಯೋಚಿಸಿದರು. ಕೊನೆಗೆ ಪುಟ್ಟಸಿದ್ದಮ್ಮ, ಡಬ್ಬ ಅಂದಿದ್ದು ತಪ್ಪಾಯಿತು ಅಂತಲೂ ಹಾಕು ಎಂದಳು. ರಂಜಿನಿ ತಲೆಯೆತ್ತಿ ಅತ್ತೆಯನ್ನೇ ನೋಡಿದಳು.

ಅಂತೂ ಹೋದದ್ದು ಇಷ್ಟು:

“ಗುರುಪಾದಸ್ವಾಮಿಯವರಿಗೆ ಹಂಗಳದ ಮಹಿಳಾ ಸಂಘದ ನಮಸ್ಕಾರ. ಅಂದು ನಿಮ್ಮ ಯಂತ್ರವನ್ನು ಡಬ್ಬ ಎಂದದ್ದು ತಪ್ಪು. ಅದು ಒಳ್ಳೆಯ ಯಂತ್ರ, ನಮಗೆ ಅದೇ ಬೇಕು. ಆದರೆ ನೀವು ಹೇಳಿದ ಬೆಲೆಗೆ ಕೊಳ್ಳಲಾರೆವು. ತೆರಿಗೆಯೂ ಸೇರಿ ಎಂಬತ್ತೈದು ಸಾವಿರ ಕೊಡುತ್ತೇವೆ, ಅದೇ ಕೊನೆ; ಒಂದೇ ಸಲಕ್ಕೆ ಬ್ಯಾಂಕಿನಿಂದ ಹಾಕುತ್ತೇವೆ. ಗಿರಾಕಿಗಳಿಗೆ ತೋರಿಸಲು ಇಟ್ಟಿರುವ ಯಂತ್ರವನ್ನೇ ಕೊಟ್ಟರೂ ಆಗುತ್ತದೆ, ಸಾಗಾಟ ನಮ್ಮದು. ಫಿಟ್ಟರ್ ಬಂದು ಕೂರಿಸಿಕೊಡಬೇಕು, ವಾರಂಟಿ ಪೂರ್ತಿ ಇರಬೇಕು; ಇವೆರಡನ್ನು ಬಿಡಲಾರೆವು. ಇದರ ಮೇಲೆ ಬೇರೇನೂ ಕೇಳುವುದಿಲ್ಲ. ನಿಮಗೆ ಗಿಟ್ಟದಿದ್ದರೆ ಹಾಗೆಂದೇ ತಿಳಿಸಿ, ಬೇಸರವಿಲ್ಲ. ಬೇರೆ ಕಡೆ ವಿಚಾರಿಸುತ್ತೇವೆ.”

ಮಾರನೆಯ ದಿನ ಉತ್ತರ ಬಂತು. ನಿಮ್ಮ ಮಾತಿನಿಂದ ಸಂತೋಷವಾಯಿತು, ತೊಂಬತ್ತಕ್ಕೆ ಮಾಡಿಕೊಡುತ್ತೇನೆ ಎಂದಿತ್ತು. ಸಂಘದಲ್ಲಿ ಗುಸುಗುಸು ಶುರುವಾಯಿತು. ಐದು ಸಾವಿರ ತಾನೇ, ತಲಾ ಇಷ್ಟಿಷ್ಟು ಹಾಕೋಣ ಎಂದರು ಕೆಲವರು. ರಂಜಿನಿಯೂ ಅತ್ತ ವಾಲಿದಳು. ಪುಟ್ಟಸಿದ್ದಮ್ಮ ಒಪ್ಪಲಿಲ್ಲ. ಎಂಬತ್ತೈದೇ ಕೊನೆ ಎಂದು ಬರೆದು ಈಗ ತೊಂಬತ್ತು ಕೊಟ್ಟರೆ, ನಾವು ಬರೆದದ್ದು ಸುಳ್ಳಾಗುತ್ತದೆ ಎಂದಳು. ಈ ಸಲ ಅವಳೇ ಹೇಳಿದಳು, ರಂಜಿನಿ ಒಂದಕ್ಷರ ತಿದ್ದದೆ ಬರೆದಳು.

“ಇಳಿಸಿಕೊಟ್ಟಿದ್ದಕ್ಕೆ ಉಪಕಾರ. ಎಂಬತ್ತೈದು ನಾವು ಚೌಕಾಸಿಗೆ ಅಂತ ಹೇಳಿದ್ದಲ್ಲ, ನಮ್ಮಲ್ಲಿರುವುದೇ ಅಷ್ಟು. ಭಾನುವಾರದವರೆಗೂ ನಿಮ್ಮ ದಾರಿ ನೋಡುತ್ತೇವೆ.”

ಶನಿವಾರ ಮಧ್ಯಾಹ್ನ ಗುರುಪಾದಸ್ವಾಮಿಯವರೇ ಫೋನು ಮಾಡಿದರು. ತೋರಿಸಲು ಇಟ್ಟದ್ದನ್ನೇ ಕೊಡುತ್ತೇನೆ, ಸಾಗಾಟ ನಿಮ್ಮದು, ವಾರಂಟಿ ಪೂರ್ತಿ, ಫಿಟ್ಟರನ್ನು ಕಳಿಸುತ್ತೇನೆ, ಎಂಬತ್ತೈದಕ್ಕೆ ಆಯಿತು ಎಂದರು. ಪುಟ್ಟಸಿದ್ದಮ್ಮ ಒಳ್ಳೇದಾಯ್ತು ಸ್ವಾಮಿ ಎಂದು ಗಂಭೀರವಾಗಿ ಹೇಳಿ ಫೋನಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಳು.

ಯಂತ್ರ ತರಲು ಇಬ್ಬರೂ ಸಂಘದ ಹೆಂಗಸೊಬ್ಬಳ ಗಂಡನ ಗೂಡ್ಸ್ ಆಟೋದಲ್ಲಿ ಹೋದರು. ಹಣ ಸಂದಿತು, ಬಿಲ್ಲು ಆಯಿತು, ಯಂತ್ರ ಆಟೋ ಏರಿತು. ಅಂಗಡಿಯ ಗೋಡೆಗೆ ಯಂತ್ರದೊಳಗೆ ಕೂರಿಸುವ ಬಗೆಬಗೆಯ ಕಣ್ಣಿನ ಜರಡಿಗಳನ್ನು ತೂಗುಹಾಕಿದ್ದರು. ಯಂತ್ರದ ಜೊತೆ ಬಂದದ್ದು ಒಂದೇ ಜರಡಿ. ಮೆಣಸಿನಪುಡಿಗೆ ಒಂದು, ಅರಿಸಿನಕ್ಕೆ ಇನ್ನೊಂದು ಇದ್ದರೆ ಎಷ್ಟು ಚೆನ್ನ ಎಂದು ಪುಟ್ಟಸಿದ್ದಮ್ಮನಿಗೆ ಗೊತ್ತಿತ್ತು. ಕೊಸರಿನ ಮಾತು ನಾಲಿಗೆಯ ತುದಿಗೆ ಬಂತು. ರಂಜಿನಿ ಅತ್ತೆಯ ಮುಖ ನೋಡಿದಳು. ಪುಟ್ಟಸಿದ್ದಮ್ಮ ಜರಡಿಗಳಿಂದ ಕಣ್ಣು ಕಿತ್ತುಕೊಂಡು, ಕೈಮುಗಿದು, ಚಪ್ಪಲಿ ಮೆಟ್ಟಿ, ಈ ಸಲ ಎಲ್ಲೂ ತಡಮಾಡದೆ ನಡೆದಳು.

“ಪುಟ್ಟಸಿದ್ದಮ್ಮೋರೆ, ಸ್ವಲ್ಪ ನಿಲ್ಲಿ.”

ಹಿಂದಿನಿಂದ ಕರೆ ಬಂದಿತ್ತು. ಅವಳು ತಿರುಗಿದಳು. ಗುರುಪಾದಸ್ವಾಮಿ ಒಂದು ಸಣ್ಣ ಕಣ್ಣಿನ ಜರಡಿ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದರು. ಎಲ್ಲರೂ ಬಿಲ್ಲಾದ ಮೇಲೆ ಏನಾದರೊಂದು ಕೇಳುತ್ತಾರೆ, ನೀವು ಕೇಳಲೇ ಇಲ್ಲವಲ್ಲ ಎಂದರು.

“ಇನ್ನೇನೂ ಕೇಳಲ್ಲ ಅಂತ ಬರ್ದಿದ್ವಲ್ಲ ಸ್ವಾಮಿ” ಎಂದಳು ಪುಟ್ಟಸಿದ್ದಮ್ಮ.

“ಅದಕ್ಕೇ ಇದು” ಎಂದು ಅವರು ಜರಡಿಯನ್ನು ಅವಳ ಕೈಗಿಟ್ಟರು.

ಹಂಗಳ ಮುಟ್ಟುವವರೆಗೂ ಅವಳು ಅದನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಊರಲ್ಲಿ ಹೆಂಗಸರೆಲ್ಲ ಆಟೋ ಸುತ್ತ ನೆರೆದು, ಎಷ್ಟಕ್ಕೆ ಇಳಿಸಿದೆ, ಏನು ಬೈದೆ ಎಂದು ಕೇಳಿದರು. ಪುಟ್ಟಸಿದ್ದಮ್ಮ ರಂಜಿನಿಯ ಹೆಗಲ ಮೇಲೆ ಕೈಹಾಕಿ ಎದೆಯೆತ್ತಿ ನಿಂತಳು.

“ಬೈನಿಲ್ಲ ಕಣ್ರವ್ವ. ಇವ್ಳೂ ನಾನೂ ಒಂದು ಮಾತ ಬರ್ದೋ. ಅದರ ಮ್ಯಾಲೇ ನಿಂತ್ಕಂಡೋ.”